ಕೊನೆಯ ಲೆಕ್ಕ ಬರೆಯದೆ ನಿಂತ ವಿಡಿಯೋ

ಶಾಲೆಯ ವಾರ್ಷಿಕೋತ್ಸವವನ್ನು ಫೋನಿನಲ್ಲಿ ಚಿತ್ರೀಕರಿಸುತ್ತಿರುವಾಗ ಫೋನ್ ದಿಢೀರನೆ ಆಫ್ ಆಯಿತು ಎಂದುಕೊಳ್ಳಿ. ಚಾರ್ಜ್ ಮಾಡಿ ನೋಡಿದರೆ ಫೈಲ್ ಇದೆ. ಗಾತ್ರ 2.4 ಜಿಬಿ ಎಂದೂ ತೋರಿಸುತ್ತದೆ. ಆದರೆ ಯಾವ ಪ್ಲೇಯರ್‌ನಲ್ಲೂ ಓಡುವುದಿಲ್ಲ. ‘ಫೈಲ್ ಹಾಳಾಗಿದೆ’ ಎಂದು ಅಳಿಸಿಬಿಡುವವರೇ ಹೆಚ್ಚು. ಅದು ಅವಸರದ ತೀರ್ಮಾನ. ಇಂಥ ಫೈಲಿನಲ್ಲಿ ಚಿತ್ರವೂ ಧ್ವನಿಯೂ ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರುತ್ತವೆ. ಇಲ್ಲದಿರುವುದು ಅವುಗಳ ಲೆಕ್ಕ ಮಾತ್ರ.

ಎಂಪಿ4 ಫೈಲಿನಲ್ಲಿ ಸಾಮಾನ್ಯವಾಗಿ ಮೂರು ಮುಖ್ಯ ಭಾಗಗಳಿರುತ್ತವೆ. ಆರಂಭದ `ftyp` ಇದು ಯಾವ ಬಗೆಯ ಫೈಲ್ ಎಂದು ಹೇಳುತ್ತದೆ. ನಂತರದ `mdat` ಭಾಗದಲ್ಲಿ ಚಿತ್ರ ಮತ್ತು ಧ್ವನಿಯ ತುಣುಕುಗಳು ಒಂದರ ಹಿಂದೊಂದು ಬೀಳುತ್ತಾ ಹೋಗುತ್ತವೆ. ಮೂರನೆಯದಾದ `moov` ಸೂಚಿಕೆ. ಯಾವ ತುಣುಕು ಎಲ್ಲಿದೆ, ಎಷ್ಟು ದೊಡ್ಡದು, ಎಷ್ಟು ಹೊತ್ತು ತೋರಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ರೆಕಾರ್ಡಿಂಗ್ ಮುಗಿಯುವವರೆಗೆ ಒಟ್ಟು ಎಷ್ಟು ತುಣುಕುಗಳಾಗುತ್ತವೆ ಎಂದು ಕ್ಯಾಮೆರಾಕ್ಕೇ ಗೊತ್ತಿರುವುದಿಲ್ಲ. ಹಾಗಾಗಿ ಅದು ಲೆಕ್ಕವನ್ನು ಮೆಮೊರಿಯಲ್ಲಿಟ್ಟುಕೊಂಡು, ನೀವು ಸ್ಟಾಪ್ ಒತ್ತಿದ ಮೇಲೆ ಫೈಲಿಗೆ ಬರೆಯುತ್ತದೆ. ಅದಕ್ಕೂ ಮೊದಲೇ ವಿದ್ಯುತ್ ಕಡಿದರೆ ಲೆಕ್ಕ ಮೆಮೊರಿಯ ಜತೆಗೇ ಅಳಿಸಿಹೋಗುತ್ತದೆ. ಉಗ್ರಾಣದ ತುಂಬ ಮೂಟೆಗಳಿದ್ದು, ದಾಸ್ತಾನು ಪುಸ್ತಕ ಮಾತ್ರ ಕಳೆದುಹೋದ ಹಾಗೆ.

ಮೊದಲು ಮಾಡಬೇಕಾದದ್ದು ಆ ಕಾರ್ಡಿನಲ್ಲಾಗಲಿ ಫೋನಿನಲ್ಲಾಗಲಿ ಮತ್ತೇನನ್ನೂ ಚಿತ್ರೀಕರಿಸದೆ, ಫೈಲಿನ ಒಂದು ನಕಲನ್ನು ಕಂಪ್ಯೂಟರಿಗೆ ತೆಗೆದುಕೊಳ್ಳುವುದು. ನಕಲು ತೆಗೆದ ಮೇಲೆ ಕಾರ್ಡನ್ನು ಅದೇ ಕ್ಯಾಮೆರಾಕ್ಕೆ ಹಾಕಿ ಆನ್ ಮಾಡಿ ನೋಡಬಹುದು. ಗೋಪ್ರೋದಂಥ ಕೆಲವು ಕ್ಯಾಮೆರಾಗಳು ಅರ್ಧಕ್ಕೆ ನಿಂತ ಫೈಲನ್ನು ಗುರುತಿಸಿ ತಾವೇ ದುರಸ್ತಿ ಮಾಡಿಕೊಳ್ಳುತ್ತವೆ. ಆಗದಿದ್ದರೆ ಮುಂದಿನ ಕೆಲಸ ಕಂಪ್ಯೂಟರಿನಲ್ಲಿ. ಅಲ್ಲಿ ಮೊದಲು ರೋಗ ಇದೇ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು.

```
ffprobe bad.mp4
```

ಉತ್ತರದಲ್ಲಿ `moov atom not found` ಎಂದು ಬಂದರೆ ಸೂಚಿಕೆ ಇಲ್ಲ ಎಂದರ್ಥ. ಆದರೆ ಅರ್ಧಂಬರ್ಧ ಡೌನ್‌ಲೋಡ್ ಆದ ವಿಡಿಯೋಕ್ಕೂ ಇದೇ ಸಂದೇಶ ಬರಬಹುದು. ಅಲ್ಲಿ ದುರಸ್ತಿ ಬೇಡ, ಇನ್ನೊಮ್ಮೆ ಇಳಿಸಿಕೊಂಡರೆ ಸಾಕು. ನಾವೇ ಚಿತ್ರೀಕರಿಸಿದ್ದಾದರೆ ಗಾತ್ರವನ್ನು ನೋಡಬೇಕು. ಸೆಕೆಂಡಿಗೆ 17 ಮೆಗಾಬಿಟ್ ವೇಗದಲ್ಲಿ ಚಿತ್ರೀಕರಿಸುವ ಫೋನು ನಿಮಿಷಕ್ಕೆ ಸುಮಾರು 128 ಎಂಬಿ ಬರೆಯುತ್ತದೆ. ಆ ಲೆಕ್ಕದಲ್ಲಿ 2.4 ಜಿಬಿ ಎಂದರೆ ಸುಮಾರು 19 ನಿಮಿಷ. ನೀವು ಚಿತ್ರೀಕರಿಸಿದ ಹೊತ್ತಿಗೆ ಇದು ಹೊಂದಿದರೆ ಸರಕೆಲ್ಲ ಒಳಗಿದೆ ಎಂದು ನಂಬಬಹುದು. ಗಾತ್ರ ಸೊನ್ನೆ ಎಂದಿದ್ದರೆ ಅದು ಬೇರೆ ಸಮಸ್ಯೆ. ಆಗ ಮೊದಲು ಕಾರ್ಡಿನಿಂದಲೇ ದತ್ತಾಂಶವನ್ನು ಹೆಕ್ಕಿ ತೆಗೆಯಬೇಕು.

ಲೆಕ್ಕದ ಪುಸ್ತಕವಿಲ್ಲದೆ ತುಣುಕುಗಳನ್ನು ಬಿಡಿಸುವುದು ಹೇಗೆ? ಎಚ್.264 ಚಿತ್ರದ ತುಣುಕುಗಳಲ್ಲಿ ಒಂದು ಅನುಕೂಲವಿದೆ. ಪ್ರತಿ ತುಣುಕಿನ ಮೊದಲ ನಾಲ್ಕು ಬೈಟ್‌ಗಳಲ್ಲಿ ಸಾಮಾನ್ಯವಾಗಿ ಅದರ ಉದ್ದ ಬರೆದಿರುತ್ತದೆ. ಹೆಕ್ಸ್ ವ್ಯೂವರಿನಲ್ಲಿ ಫೈಲನ್ನು ತೆರೆದಾಗ ಒಂದು ಕಡೆ `00 00 4E 20 65` ಎಂದು ಕಂಡಿತೆನ್ನಿ. `4E20` ಎಂದರೆ ನಮ್ಮ ಎಣಿಕೆಯಲ್ಲಿ 20,000. `65` ಇದು ತಾನಾಗಿಯೇ ಪೂರ್ಣವಾದ ಚಿತ್ರ ಎಂಬ ಗುರುತು. ಉದ್ದದ ನಾಲ್ಕು ಬೈಟ್ ದಾಟಿ ಅಲ್ಲಿಂದ 20,000 ಬೈಟ್ ಮುಂದೆ ಹಾರಿದರೆ ಆ ತುಣುಕು ಮುಗಿಯುತ್ತದೆ. ಅಲ್ಲಿ `00 00 0F A0 41` ಎಂದಿದ್ದರೆ, ಮುಂದಿನದು 4,000 ಬೈಟಿನ ತುಣುಕು, ಹಿಂದಿನ ಚಿತ್ರಕ್ಕಿಂತ ಏನು ಬದಲಾಗಿದೆ ಎಂದಷ್ಟೇ ಹೇಳುವಂಥದ್ದು. ಹೀಗೆ ಹಾರುತ್ತಾ ಹಾರುತ್ತಾ ಹೊಸ ಸೂಚಿಕೆಯನ್ನು ಕಟ್ಟಬಹುದು.

ತೊಡಕಿರುವುದು ಧ್ವನಿಯಲ್ಲಿ. ಎಂಪಿ4 ಒಳಗಿನ ಎಎಸಿ ಧ್ವನಿಯ ತುಣುಕುಗಳ ಮೇಲೆ ಉದ್ದ ಬರೆದಿರುವುದಿಲ್ಲ. ಅವು ಚಿತ್ರದ ತುಣುಕುಗಳ ನಡುನಡುವೆ ಸೇರಿಕೊಂಡಿರುತ್ತವೆ. ಎಲ್ಲಿ ಮುಗಿಯುತ್ತವೆ ಎಂಬುದನ್ನು ಅವುಗಳ ಒಳರಚನೆಯನ್ನು ಬಿಡಿಸಿಯೇ ತಿಳಿಯಬೇಕು. ಇನ್ನೊಂದು ತೊಡಕೂ ಇದೆ. ಚಿತ್ರದ ಅಗಲ, ಎತ್ತರ, ಅದನ್ನು ಬಿಡಿಸುವ ಸೂತ್ರಗಳು ಇವೆಲ್ಲ ಕಳೆದುಹೋದ `moov` ಒಳಗೇ ಇದ್ದವು. ಆದ್ದರಿಂದಲೇ ದುರಸ್ತಿಗೆ ಒಂದು ಮಾದರಿ ವಿಡಿಯೋ ಬೇಕು. ಅದೇ ಫೋನು, ಅದೇ ರೆಸಲ್ಯೂಶನ್, ಅದೇ ಫ್ರೇಮ್ ವೇಗ, ಅದೇ ಕೋಡೆಕ್ ಇಟ್ಟುಕೊಂಡು ಒಂದೆರಡು ನಿಮಿಷ ಚಿತ್ರೀಕರಿಸಿ, ಸರಿಯಾಗಿ ಸ್ಟಾಪ್ ಒತ್ತಿದ ವಿಡಿಯೋ ಅದು. ಈ ಚಿತ್ರೀಕರಣವನ್ನು ಹಾಳಾದ ಫೈಲಿನ ನಕಲು ಕಂಪ್ಯೂಟರಿಗೆ ಬಂದ ಮೇಲಷ್ಟೇ ಮಾಡಬೇಕು. ದೊಡ್ಡ ರೆಕಾರ್ಡಿಂಗನ್ನು 4 ಜಿಬಿ ತುಂಡುಗಳಾಗಿ ಬರೆಯುವ ಕ್ಯಾಮೆರಾ ಆಗಿದ್ದರೆ ಈ ಶ್ರಮವೂ ಇಲ್ಲ. ಅಲ್ಲಿ ಸಾಮಾನ್ಯವಾಗಿ ಕೊನೆಯ ತುಂಡು ಮಾತ್ರ ಕೆಟ್ಟಿರುತ್ತದೆ, ಹಿಂದಿನದೇ ಒಳ್ಳೆಯ ಮಾದರಿ.

ಫೆಡೆರಿಕೊ ಪೊಂಕಿಯೊ ಬರೆದ `untrunc` ಎಂಬ ಉಚಿತ ಮುಕ್ತ ತಂತ್ರಾಂಶ ಈ ಕೆಲಸವನ್ನೇ ಮಾಡುತ್ತದೆ. ಮೊದಲು ಮಾದರಿ, ನಂತರ ಹಾಳಾದ ಫೈಲು. ಈ ಕ್ರಮ ತಪ್ಪಬಾರದು.

```
untrunc good.mp4 bad.mp4
```

ಹಳೆಯ ಫೈಲನ್ನು ಮುಟ್ಟದೆ, ಹೆಸರಿನಲ್ಲಿ `fixed` ಎಂದು ಸೇರಿಸಿದ ಹೊಸ ಫೈಲನ್ನು ಅದು ಬರೆಯುತ್ತದೆ. ಅದನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು. 19 ನಿಮಿಷದ ನಿರೀಕ್ಷೆಯಿದ್ದಲ್ಲಿ ಎರಡೇ ನಿಮಿಷ ಬಂದರೆ, ತಂತ್ರಾಂಶಕ್ಕೆ ನಡುವೆ ಎಲ್ಲೋ ದಾರಿ ತಪ್ಪಿದೆ. ಬಹಳ ಸಲ ಇದಕ್ಕೆ ಕಾರಣ ಹೊಂದದ ಮಾದರಿ. ಸೆಟ್ಟಿಂಗ್ ಪರೀಕ್ಷಿಸಿ ಹೊಸ ಮಾದರಿ ತೆಗೆದು ಮತ್ತೆ ಪ್ರಯತ್ನಿಸಬೇಕು. ಚಿತ್ರ ಪೂರ್ತಿ ಬಂದು, ಮಾತಿಗೂ ತುಟಿಗೂ ತಾಳ ತಪ್ಪಿದ್ದರೆ ಕಾರಣ ಬೇರೆ. ಬೆಳಕು ಕಡಿಮೆಯಾದಾಗ ಫೋನುಗಳು ಫ್ರೇಮ್ ವೇಗವನ್ನು ತಗ್ಗಿಸುತ್ತವೆ. ಯಾವ ಫ್ರೇಮು ಎಷ್ಟು ಹೊತ್ತು ಎಂಬ ಲೆಕ್ಕ ಕಳೆದ ಸೂಚಿಕೆಯಲ್ಲಿತ್ತು. ದುರಸ್ತಿಯಲ್ಲಿ ಎಲ್ಲ ಫ್ರೇಮಿಗೂ ಒಂದೇ ಅವಧಿ ಸಿಕ್ಕಿದ್ದರೆ ಚಿತ್ರ ಬೇಗ ಓಡುತ್ತದೆ. ಧ್ವನಿ ಸಮವೇಗದ್ದು, ಆದ್ದರಿಂದ ಅದರ ಅವಧಿಯನ್ನೇ ಆಧಾರವಾಗಿ ಹಿಡಿಯಬೇಕು. ಧ್ವನಿ 18 ನಿಮಿಷ 48 ಸೆಕೆಂಡ್, ಅಂದರೆ 1,128 ಸೆಕೆಂಡ್ ಇದ್ದು, ಚಿತ್ರ 1,110 ಸೆಕೆಂಡ್ ಇದ್ದರೆ, ಭಾಗಿಸಿದಾಗ 1.0162 ಬರುತ್ತದೆ. ಚಿತ್ರವನ್ನು ಅಷ್ಟು ಹಿಗ್ಗಿಸಿದರೆ ಎರಡೂ ಒಟ್ಟಿಗೆ ಮುಗಿಯುತ್ತವೆ. ದುರಸ್ತಿಯಾದ ಫೈಲಿಗೆ `fixed.mp4` ಎಂದು ಹೆಸರಿಟ್ಟುಕೊಂಡು ಹೀಗೆ ಮಾಡಬಹುದು.

```
ffmpeg -itsscale 1.0162 -i fixed.mp4 -i fixed.mp4 \
  -map 0:v -map 1:a -c copy final.mp4
```

ಬೆಳಕು ಬದಲಾದ ಜಾಗಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಉಳಿಯಬಹುದು. ಅದನ್ನು ಎಡಿಟಿಂಗಿನಲ್ಲಿ ಕೈಯಿಂದಲೇ ಸರಿಪಡಿಸಬೇಕು.

ಈ ವಿಧಾನಕ್ಕೂ ಮಿತಿಯಿದೆ. ಕಾರ್ಡಿಗೆ ತಲುಪದೆ ಮೆಮೊರಿಯಲ್ಲೇ ಉಳಿದಿದ್ದ ಕೊನೆಯ ಕೆಲವು ಸೆಕೆಂಡ್ ಮರಳಿ ಬರುವುದಿಲ್ಲ. ಹೆಕ್ಸ್ ವ್ಯೂವರಿನಲ್ಲಿ ಪುಟಗಟ್ಟಲೆ `00` ಮಾತ್ರ ಕಂಡರೆ ಆ ಜಾಗದಲ್ಲಿ ಚಿತ್ರವೇ ಇಲ್ಲ, ಯಾವ ತಂತ್ರಾಂಶವೂ ಅದನ್ನು ಸೃಷ್ಟಿಸಲಾರದು. ಫೈಲಿನ ಹೆಸರಿನ ಬಾಲ ಬದಲಿಸುವುದರಿಂದ, ಕನ್ವರ್ಟರಿಗೆ ಹಾಕುವುದರಿಂದ ಪ್ರಯೋಜನವಿಲ್ಲ. ಕನ್ವರ್ಟರಿಗೂ ಅದೇ ಸೂಚಿಕೆ ಬೇಕು.

ಕಂಪ್ಯೂಟರಿನಲ್ಲಿ ಒಬಿಎಸ್ ಬಳಸಿ ತರಗತಿ, ಸಭೆಗಳನ್ನು ರೆಕಾರ್ಡ್ ಮಾಡುವವರು ಸಾಧಾರಣ ಎಂಪಿ4 ಬದಲು ಎಂಕೆವಿ ಆರಿಸಿಕೊಳ್ಳಲಿ. ಅದರಲ್ಲಿ ಸಮಯದ ಲೆಕ್ಕ ತುಣುಕುಗಳ ಜತೆಜತೆಗೇ ಬರೆಯಲ್ಪಡುವುದರಿಂದ, ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಓಡುತ್ತದೆ. ಮುಗಿದ ಮೇಲೆ ಅದೇ ಒಬಿಎಸ್‌ನಲ್ಲಿ ಎಂಪಿ4ಗೆ ಬದಲಿಸಿಕೊಳ್ಳಬಹುದು. ಫೋನಿನಲ್ಲಿ ದೀರ್ಘ ಕಾರ್ಯಕ್ರಮ ಚಿತ್ರೀಕರಿಸುವವರು ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಲಿ. ಆಗ ಕೆಟ್ಟರೂ ಒಂದು ತುಂಡು ಮಾತ್ರ ಕೆಡುತ್ತದೆ, ಅದನ್ನು ಸರಿಪಡಿಸಲು ಬೇಕಾದ ಮಾದರಿಯೂ ಪಕ್ಕದಲ್ಲೇ ಇರುತ್ತದೆ.