ಹುಸೇನಪ್ಪ ಯಾವ ಖಾನೆಯವನು?
ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಮೊಹರಂ ಪೀರಲ ದೇವರಿಗೆ ಹರಕೆ ಹೊತ್ತ ಹಿಂದೂ ಮನೆಯ ಮಗನಿಗೂ ಹುಸೇನಪ್ಪನೆಂದು ಹೆಸರಿಡುವುದುಂಟು.

ಹೆಸರಿನಿಂದಲೇ ಜನಾಂಗ ಹೇಳುತ್ತೇನೆನ್ನುವ ‘ಎತ್ನಿಕಲರ್’ ಎಂಬ ತಂತ್ರಾಂಶವಿದೆ. ಅದು ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಎರಡೆರಡಕ್ಷರದ ತುಂಡು ಮಾಡಿ, ವಿಕಿಪೀಡಿಯದ ಹೆಸರುಗಳಿಂದ ಕಲಿತ ಜಾಡಿನಲ್ಲಿ ಊಹಿಸುತ್ತದೆ. ಅದರ 13 ಖಾನೆಗಳಲ್ಲಿ ಭಾರತ ಉಪಖಂಡ ಒಂದು, ಮುಸ್ಲಿಂ ಬೇರೊಂದು. ಉಪಖಂಡದಲ್ಲಿ ಮುಸಲ್ಮಾನರೇ ಇಲ್ಲವೆಂಬಂತೆ! ‘ಹುಸೇನ’ ಅತ್ತ ಎಳೆದರೆ ‘ಅಪ್ಪ’ ಇತ್ತ ಎಳೆಯುತ್ತದೆ. ಹರಕೆಗಂತೂ ಖಾನೆಯೇ ಇಲ್ಲ. ಆದರೂ ‘ತಿಳಿಯದು’ ಎನ್ನದೆ, ಇದ್ದ ಖಾನೆಗಳಿಗೇ ಶೇಕಡಾವಾರು ಹಂಚಿ ಒಂದನ್ನು ಮುಂದಿಡುತ್ತದೆ.

ಇಂಥ ಊಹೆ ಸಾಲದ ಅರ್ಜಿಗೋ ಪೊಲೀಸರ ಪಟ್ಟಿಗೋ ಹತ್ತಿದರೆ ಹುಸೇನಪ್ಪನ ಪಾಡೇನು? ಊಹೆ ನಿಜವಾದರೂ ಅಪಾಯವೇ: ಅವನು ಹೇಳದೆ ಉಳಿಸಿಕೊಂಡದ್ದು ಬಯಲಾಯಿತು. ತಿಳಿಯಲೇಬೇಕಾದರೆ ಅವನನ್ನೇ ಕೇಳಿರಿ. ಹೇಳಲೊಲ್ಲೆನೆಂದರೆ ಖಾನೆಯನ್ನು ಖಾಲಿ ಬಿಡಿರಿ.