ಶರಣಾರ್ಥಿಗೂ ಒಂದು ಹೊತ್ತು

ಹಿರಿಯರನ್ನು ಕಂಡೊಡನೆ ‘ಶರಣು ಶರಣಾರ್ಥಿ’ ಎನ್ನಬೇಕೆಂದು ಕಲಬುರಗಿ ಸೀಮೆಯ ಮನೆಗಳಲ್ಲಿ ಮಕ್ಕಳಿಗೆ ಕಲಿಸುವುದುಂಟು. ಪಾಠ ಸರಿಯಾದುದೇ. ಆದರೆ ‘ಕಂಡೊಡನೆ’ ಎಂಬುದಕ್ಕೆ ಅಪವಾದಗಳುಂಟೆಂದು ಬಿಡಿಸಿ ಹೇಳುವವರು ವಿರಳ. ಆದಕಾರಣ ಬಾಗಿಲಲ್ಲಿ ಸುಮ್ಮನೆ ಕಾದು ನಿಂತ ಹುಡುಗನೇ ಸೊಕ್ಕಿನವನೆನಿಸಿಕೊಳ್ಳುತ್ತಾನೆ. ಒಳನುಗ್ಗಿ ಕೈಮುಗಿದವನು ವಿನಯವಂತನಾಗುತ್ತಾನೆ.

ಇಷ್ಟಲಿಂಗ ಪೂಜೆಯನ್ನೇ ನೋಡಬಹುದು. ಎಡ ಅಂಗೈಯಲ್ಲಿ ಲಿಂಗವನ್ನಿರಿಸಿ ನೀರೆರೆದು, ವಿಭೂತಿಯಿಟ್ಟು, ಪತ್ರೆ ಪುಷ್ಪಗಳನ್ನೇರಿಸುವಾಗ ಕೈ ಆಡುತ್ತಿರುತ್ತದೆ; ಬಂದವನು ತಾನಾಗಿಯೇ ತಡೆಯುತ್ತಾನೆ. ತಪ್ಪು ನಡೆಯುವುದು ಆ ಬಳಿಕ. ಕೈ ನಿಂತು, ದೃಷ್ಟಿ ಲಿಂಗದಲ್ಲಿ ನೆಟ್ಟು, ಪೂಜಿಸುವವರು ನಿಶ್ಚಲರಾದಾಗ ಪೂಜೆ ಮುಗಿಯಿತೆಂದು ಬಗೆದು ಮಾತಾಡಿಸಿಬಿಡುತ್ತಾನೆ. ವಾಸ್ತವದಲ್ಲಿ ಪೂಜೆಯ ಹೃದಯವೇ ಆ ನಿಶ್ಚಲತೆ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿಯೋ ಕರಡಿಗೆಯಲ್ಲಿಟ್ಟೋ ಮರಳಿ ಕೊರಳಿಗೆ ಧರಿಸಿ ತಲೆಯೆತ್ತಿದ ಮೇಲೆ ಶರಣೆಂದರೆ ಸಾಕು.

ಬಂದೇ ನವಾಜರ ದರ್ಗಾ ಇರುವ ಈ ಊರಿನಲ್ಲಿ ನೆರೆಯವರ ನಮಾಜಿನ ವಿಷಯದಲ್ಲಿಯೂ ಇಂಥದೇ ಭ್ರಮೆಯುಂಟು. ನಡುವೆ ಮಂಡಿಯೂರಿ ಕುಳಿತುದನ್ನು ಕಂಡು ಮುಗಿಯಿತೆಂದು ತಿಳಿಯಲಾಗದು. ಮುಖವನ್ನು ಮೊದಲು ಬಲಕ್ಕೆ, ಅನಂತರ ಎಡಕ್ಕೆ ತಿರುಗಿಸಿ ಸಲಾಂ ಹೇಳಿದಾಗಲೇ ಅದು ಮುಗಿಯುವುದು. ಅದರ ಮೇಲೆಯೂ ಕೈಯೆತ್ತಿ ಬೇಡಿಕೊಳ್ಳುತ್ತಿದ್ದರೆ ಇನ್ನಷ್ಟು ತಡೆಯಬೇಕು. ಅಲ್ಲಿಯವರೆಗೆ ಅವರ ಮುಂದೆ ಹಾಯ್ದು ಹೋಗಬಾರದು.

‘ಜಂಗಮ ಬಂದಾಗ ಪೂಜೆಯನ್ನೇ ನಿಲ್ಲಿಸಬೇಕಲ್ಲವೆ?’ ಎಂದು ಬಲ್ಲವರು ಆಕ್ಷೇಪಿಸಬಹುದು. ಶೂನ್ಯಸಂಪಾದನೆಯಲ್ಲಿ ಪ್ರಭುದೇವರು ಕಲ್ಯಾಣಕ್ಕೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಒಳಗೆ ಕರೆತರಲು ಅಪ್ಪಣ್ಣನನ್ನು ಕಳುಹಿಸಿದರೂ ಪ್ರಭುಗಳು ಬರಲಿಲ್ಲ; ಬಸವಣ್ಣನವರೇ ಎದ್ದು ಬರಬೇಕೆಂದು ಚನ್ನಬಸವಣ್ಣನವರು ಎಚ್ಚರಿಸಿದರು. ಈ ಪ್ರಸಂಗವು ಮನೆಯಾತನ ಕರ್ತವ್ಯವನ್ನು ಹೇಳುತ್ತದೆಯೇ ಹೊರತು ಬಂದವನಿಗೆ ಒಳನುಗ್ಗುವ ಅಧಿಕಾರವನ್ನು ಕೊಡುವುದಿಲ್ಲ. ಪ್ರಭುಗಳು ನಿಂತದ್ದು ಬಾಗಿಲ ಹೊರಗೆ!

ಊಟದ ವಿಷಯ ಇಷ್ಟು ಬಿಗಿಯಾದುದಲ್ಲ. ಉಣ್ಣುವವರು ‘ಬರ್ರಿ, ಊಟ ಮಾಡ್ರಿ’ ಎಂದು ತಾವೇ ಕರೆಯುವರು. ಅದಕ್ಕೆ ಉತ್ತರ ಕೊಡದೆ ನಿಲ್ಲುವುದು ಒರಟುತನ. ಕಾಲು ಮುಟ್ಟುವುದನ್ನು ಮಾತ್ರ ಅವರು ಕೈತೊಳೆಯುವವರೆಗೆ ತಡೆಯಬೇಕು. ಏಕೆಂದರೆ ಎಂಜಲುಗೈಯವರು ಹರಸಲಾರರು, ಎಲೆ ಬಿಟ್ಟು ಏಳಲೂ ಆರರು.

ದೂರವಾಣಿಯದು ಹೊಸ ತೊಡಕು. ಕಿವಿಯಲ್ಲಿ ತಂತಿಯಿಲ್ಲದ ಗುಬುಟನ್ನಿಟ್ಟು ಮಾತಾಡುವವರು ಬಿಡುವಾಗಿರುವಂತೆಯೇ ತೋರುತ್ತಾರೆ. ಮಾತು ಕೇಳಿಸದಷ್ಟು ದೂರದಲ್ಲಿ, ಆದರೆ ಕಣ್ಣಿಗೆ ಬೀಳುವಂತೆ ನಿಂತು ಮೌನವಾಗಿ ಕೈಮುಗಿದರೆ ಬಂದದ್ದು ತಿಳಿಯುತ್ತದೆ. ಅವರು ಕೈಸನ್ನೆಯಿಂದ ಕುಳಿತುಕೊಳ್ಳೆಂದರೆ ಕಾಯಬಹುದು. ಬೆನ್ನು ತಿರುಗಿಸಿ ದನಿ ತಗ್ಗಿಸಿದರೆ ಹೊರಗೆ ಹೋಗಿ ಮತ್ತೊಮ್ಮೆ ಬರುವುದು ಲೇಸು. ಮನೆಯಲ್ಲಿ ಯಾರಿಗಾದರೂ ಅಪಾಯವೊದಗಿದ ಸುದ್ದಿ ತಂದವನಿಗೆ ಈ ಯಾವ ಕಟ್ಟೂ ಇಲ್ಲ. ಅವನು ಪೂಜೆಯ ನಡುವೆಯೂ ಕೂಗಬಹುದು.