ಮೂರು ವಾರ ದಾಟಿದ ಹುಣ್ಣನ್ನು ಮುಲಾಮಿನಲ್ಲಿ ಮುಚ್ಚಬೇಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಣ್ಣಂದಿರೇ, ಅಕ್ಕಂದಿರೇ, ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿದ ತಂಬಾಕನ್ನು ದವಡೆಗೆ ಒತ್ತುವವರೇ, ಗುಟ್ಕಾ, ಮಾವಾ ಜಗಿಯುವವರೇ, ಮಿಶ್ರಿ ತಿಕ್ಕುವ ತಾಯಂದಿರೇ, ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಅದನ್ನು ವೈದ್ಯರಿಗೆ ತೋರಿಸಿ.

ಮೂರು ವಾರವೇ ಯಾಕೆ? ಬಾಯಿಯ ಒಳಚರ್ಮ ಬೇಗ ಹೊಸದಾಗುತ್ತದೆ. ಬಿಸಿ ಚಹಾ ಸುಟ್ಟದ್ದು, ಹಲ್ಲು ಕಚ್ಚಿದ್ದು ಸಾಮಾನ್ಯವಾಗಿ ಎರಡು ವಾರದಲ್ಲಿ ಮಾಯುತ್ತದೆ. ಅದಕ್ಕೂ ಮೀರಿ ಉಳಿದ ಹುಣ್ಣೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದು ಮನೆಯ ಕನ್ನಡಿಯಲ್ಲಿ ತಿಳಿಯುವುದಿಲ್ಲ.

ಸಿಂದಗಿ ಕಡೆಯ ಒಬ್ಬ ರೈತನನ್ನು ನೆನೆದುಕೊಳ್ಳಿ. ಇಪ್ಪತ್ತು ವರ್ಷ ಎಡಗಡೆಯೇ ತಂಬಾಕು ಇಟ್ಟಿದ್ದಾನೆ; ಹುಣ್ಣು ಎದ್ದದ್ದೂ ಅಲ್ಲೇ, ಗಲ್ಲ ಮತ್ತು ಕೆಳಗಿನ ವಸಡಿನ ಸಂದಿಯಲ್ಲಿ. "ಹೀಟ್ ಆಗೇದ" ಎಂದು ಬಿ-ಕಾಂಪ್ಲೆಕ್ಸ್ ನುಂಗುತ್ತಾನೆ, ಮುಲಾಮು ಹಚ್ಚುತ್ತಾನೆ. "ಬ್ಯಾನಿ ಇಲ್ಲ, ತೊಗರಿ ರಾಶಿ ಮುಗೀಲಿ" ಎನ್ನುತ್ತಾನೆ. ಮೋಸ ಇರುವುದು ಇಲ್ಲಿಯೇ: ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ನೋವು ಬರುವ ಹೊತ್ತಿಗೆ ಅದು ಆಳಕ್ಕೆ ಇಳಿದಿರಬಹುದು.

ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಮಾಡುವುದೇನು? ಬೆಳಕು ಹಿಡಿದು ನೋಡುತ್ತಾರೆ. ಕೈಗವಸು ಹಾಕಿದ ಬೆರಳಿನಿಂದ ಹುಣ್ಣಿನ ಅಂಚು ಒತ್ತುತ್ತಾರೆ. ಸಾದಾ ಹುಣ್ಣಿನ ಅಂಚು ಮೆತ್ತಗಿರುತ್ತದೆ, ಕೇಡಿನದು ಗಟ್ಟಿಯಾಗಿ, ಉಬ್ಬಿಕೊಂಡಿರುತ್ತದೆ. ಬಿಳಿ, ಕೆಂಪು ಮಚ್ಚೆ ಇದೆಯೇ, ಬಾಯಿ ಮೂರು ಬೆರಳಷ್ಟು ತೆರೆಯುತ್ತದೆಯೇ, ಕುತ್ತಿಗೆಯಲ್ಲಿ ಗಂಟು ಇದೆಯೇ ಎಂದೂ ನೋಡುತ್ತಾರೆ. ಚೂಪು ಹಲ್ಲು ತಾಗುತ್ತಿದ್ದರೆ ಅದನ್ನು ತೇಯ್ದು ಎರಡು ವಾರ ಕಾಯುತ್ತಾರೆ. ಅನುಮಾನ ಉಳಿದರೆ ಬಯಾಪ್ಸಿಗೆ ಬರೆಯುತ್ತಾರೆ: ಸೂಜಿಮದ್ದು ಕೊಟ್ಟು, ಅಂಚಿನಿಂದ ಕಾಳಿನಷ್ಟು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಅಲ್ಲಿ ಆಗದಿದ್ದರೆ ವಿಜಯಪುರಕ್ಕೆ ಕಳಿಸುತ್ತಾರೆ. "ಕತ್ತಿ ತಾಗಿದರ ಹಬ್ಬತೈತಿ" ಎಂಬ ಮಾತು ಸುಳ್ಳು, ಹಬ್ಬುವುದು ಕಾಯುವುದರಿಂದ.

ಎರಡು ಸೆಂಟಿಮೀಟರಿಗಿಂತ ಚಿಕ್ಕದಿದ್ದು, ಆಳಕ್ಕೆ ಇಳಿಯದೆ ಇದ್ದಾಗ ಸಿಕ್ಕರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೇ ಸಾಕಾಗುತ್ತದೆ. ತಡವಾದರೆ ದವಡೆಯ ಎಲುಬು ಹೋಗುತ್ತದೆ, ವಿಕಿರಣ ಬೇಕಾಗುತ್ತದೆ, ತುತ್ತು ನುಂಗುವುದೇ ಕಷ್ಟವಾಗುತ್ತದೆ. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ಪರೀಕ್ಷೆ ನಡೆದ ಕಡೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತೆಂದು 2005ರಲ್ಲಿ ವರದಿಯಾಯಿತು. ಬರಿಗಣ್ಣು, ಬೆಳಕು, ಅಷ್ಟೇ ಸಾಧನ.

ಖರ್ಚಿಗೆ ಅಂಜಿ ಕೂರಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತಂಬಾಕು ಇವತ್ತೇ ಬಿಡಿ. ಆದರೆ ಬಿಟ್ಟೆನೆಂದು ಪರೀಕ್ಷೆ ಬಿಡಬೇಡಿ.

ಮೆಡಿಕಲ್ ಅಂಗಡಿಯವರೇ, ನಿಮಗೂ ಒಂದು ಮಾತು. ಅದೇ ಮನುಷ್ಯ ಅದೇ ಮುಲಾಮಿಗೆ ಎರಡನೇ ಸಲ ಬಂದರೆ ಟ್ಯೂಬು ಕೊಡುವ ಮುಂಚೆ ಕೇಳಿ: "ಎಷ್ಟ ದಿನಾ ಆತ್ರೀ?" ಮೂರು ವಾರ ಎಂದರೆ ಟ್ಯೂಬು ಮಾರಬೇಡಿ, ದವಾಖಾನೆಗೆ ಕಳಿಸಿ.